ಕೊಳೆರೋಗದ ಪುಟದ ಪ್ರಶ್ನೆಗಳು: ಧ್ವನಿ ಹುಡುಕಾಟಕ್ಕೆ ತಕ್ಕ ತಲೆಬರಹ ಮತ್ತು ಕಿರು ಉತ್ತರ ಕುರಿತ ಒಂದು ಪ್ರಕರಣ ಅಧ್ಯಯನ

ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಮಾಹಿತಿ ಕೊಡುವ ಒಂದು ಸಣ್ಣ ಕನ್ನಡ ಜಾಲತಾಣದಲ್ಲಿ ಕೊಳೆರೋಗದ ಬಗ್ಗೆ ಒಂದು ದೀರ್ಘ ಪುಟವಿತ್ತು. ಬರೆದವರು ಕೃಷಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಅಧಿಕಾರಿ. ವಿಷಯ ಬಲ್ಲವರು, ಬರಹದಲ್ಲಿ ತಪ್ಪಿರಲಿಲ್ಲ. ಆದರೂ ಮೇ ತಿಂಗಳ ಕೊನೆಯಲ್ಲಿ, ಅಂದರೆ ಬೆಳೆಗಾರರು ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಬಗ್ಗೆ ಫೋನಿನಲ್ಲಿ ಅತಿ ಹೆಚ್ಚು ಹುಡುಕುವ ಹೊತ್ತಿನಲ್ಲಿ, ಆ ಪುಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪುಟವನ್ನು ಮತ್ತೆ ಬರೆಯುವ ಕೆಲಸ ನನಗೆ ಬಂದಾಗ ಅವರು ಕೇಳಿದ್ದು ಇಷ್ಟೇ: ಫೋನಿನ ಮೈಕ್ ಒತ್ತಿ ಕೇಳುವ ರೈತರಿಗೂ, ಗೂಗಲ್‌ನ 'ಪೀಪಲ್ ಆಲ್ಸೋ ಆಸ್ಕ್' ಪೆಟ್ಟಿಗೆಯಲ್ಲಿ ಪ್ರಶ್ನೆಯನ್ನು ಒತ್ತಿ ತೆರೆಯುವವರಿಗೂ ಈ ಪುಟದ ಉತ್ತರ ಸಿಗುವಂತೆ ಮಾಡಿಕೊಡಿ.

ಹಳೆಯ ಪುಟ ಶುರುವಾಗುತ್ತಿದ್ದುದು ಇತಿಹಾಸದಿಂದ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಈ ದ್ರಾವಣ ಹುಟ್ಟಿದ್ದು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದ್ದು, ಆಮೇಲೆ ರೋಗಾಣುವಿನ ಜೀವನಚಕ್ರ. ಸಿಂಪಡಣೆ ಯಾವಾಗ ಎಂಬುದು ಏಳನೆಯ ಪ್ಯಾರಾದಲ್ಲಿ, ಅದೂ ಒಂದು ದೀರ್ಘ ವಾಕ್ಯದ ಮಧ್ಯದಲ್ಲಿ ಬರುತ್ತಿತ್ತು. ತಲೆಬರಹಗಳು 'ಪೀಠಿಕೆ', 'ರೋಗಲಕ್ಷಣಗಳು', 'ಹತೋಟಿ ಕ್ರಮಗಳು' ಎಂದಿದ್ದವು. ಪ್ರಮಾಣದ ಪಟ್ಟಿ ಒಂದು ಕರಪತ್ರದ ಫೋಟೋ ಆಗಿತ್ತು. ಮೂಲ ಕರಪತ್ರ ನುಡಿ ಲಿಪಿಯ ಹಳೆಯ ಪಿಡಿಎಫ್ ಆದ್ದರಿಂದ ಅದರಿಂದ ನಕಲು ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತಿದ್ದವು. ಹೀಗಾಗಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಸಂಗತಿ ಯೂನಿಕೋಡ್ ಪಠ್ಯವಾಗಿ ಪುಟದಲ್ಲಿ ಇರಲೇ ಇಲ್ಲ. ಮೊದಲು ಆಗಬೇಕಾದ ಕೆಲಸ ಅದನ್ನು ಟೈಪ್ ಮಾಡುವುದೇ ಆಗಿತ್ತು.

ಪ್ರಶ್ನೆಗಳನ್ನು ಎಲ್ಲಿಂದ ತಂದೆವು

ತಲೆಬರಹವನ್ನು ಪ್ರಶ್ನೆಯಾಗಿ ಬರೆಯುವುದೆಂದರೆ 'ಹತೋಟಿ ಕ್ರಮಗಳು' ಎಂಬುದನ್ನು 'ಹತೋಟಿ ಕ್ರಮಗಳು ಯಾವುವು?' ಎಂದು ಬದಲಿಸುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಭಾಷೆ. ತೋಟದಲ್ಲಿ ನಿಂತು ಯಾರೂ ಹಾಗೆ ಕೇಳುವುದಿಲ್ಲ. ಜನ ಕೇಳುವ ಮಾತು ಎಲ್ಲಿದೆ ಎಂದು ಹುಡುಕಲು ನಮಗೆ ಎರಡು ದಾರಿಗಳಿದ್ದವು.

ಒಂದನೆಯದು ಗೂಗಲ್ ಸರ್ಚ್ ಕನ್ಸೋಲ್. ಅದರಲ್ಲಿ 16 ತಿಂಗಳವರೆಗಿನ ಹುಡುಕಾಟದ ಪದಗಳು ಸಿಗುತ್ತವೆ, ಮತ್ತು 2021ರಿಂದ ಅವುಗಳನ್ನು ರೆಜೆಕ್ಸ್ ಎಂಬ ಪದಮಾದರಿ ಬಳಸಿ ಸೋಸಬಹುದು. ಪ್ರಶ್ನೆಗಳನ್ನು ಮಾತ್ರ ಹೊರತೆಗೆಯಲು ನಾವು ಬಳಸಿದ್ದು ಇದು:

```
ಯಾವಾಗ|ಹೇಗೆ|ಎಷ್ಟು|ಯಾಕೆ|ಏಕೆ|ಯಾವ|ಬಹುದ|yavaga|hege|eshtu|yake
```

ಇಂಗ್ಲಿಷಿನ ಮಾದರಿಗಳನ್ನು ನೋಡಿ ಪದದ ಅಂಚನ್ನು ಸೂಚಿಸುವ `\b` ಸೇರಿಸಬಾರದು. ಸರ್ಚ್ ಕನ್ಸೋಲ್ ಬಳಸುವ ಆರ್‌ಇ2 ವ್ಯವಸ್ಥೆಯಲ್ಲಿ ಆ ಗುರುತು ಇಂಗ್ಲಿಷ್ ಅಕ್ಷರಗಳ ಅಂಚನ್ನು ಮಾತ್ರ ಗುರುತಿಸುತ್ತದೆ. ಕನ್ನಡ ಪದದ ಪಕ್ಕದಲ್ಲಿ ಅದನ್ನಿಟ್ಟರೆ ಇರುವ ಪ್ರಶ್ನೆಗಳೂ ಪಟ್ಟಿಯಿಂದ ಮಾಯವಾಗುತ್ತವೆ. ಪ್ರಶ್ನೆಯ ಗುರುತು ಕನ್ನಡದಲ್ಲಿ ಬಹುಪಾಲು ಕ್ರಿಯಾಪದದ ತುದಿಗೆ ಅಂಟಿಕೊಂಡಿರುವುದರಿಂದ 'ಬಹುದ' ಎಂಬ ತುಂಡನ್ನು ಸೇರಿಸಿದೆವು. 'ಹೊಡೆಯಬಹುದಾ', 'ಹಾಕಬಹುದೇ', 'ಇಡಬಹುದೋ' ಎಲ್ಲವೂ ಆ ಒಂದೇ ತುಂಡಿಗೆ ಸಿಕ್ಕವು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಪ್ರಶ್ನೆಗಳೂ ಇರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ದಾರಿ ಫೋನು. ಗೂಗಲ್ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ಪರಿಚಯದ ಬೆಳೆಗಾರರಿಗೆ ಪುಟವನ್ನು ತೋರಿಸದೆ, ಕೊಳೆರೋಗದ ಬಗ್ಗೆ ನಿಮಗೆ ಬೇಕಾದದ್ದನ್ನು ಮೈಕ್ ಒತ್ತಿ ಕೇಳಿ ಎಂದೆವು. ತೆರೆಯ ಮೇಲೆ ಮೂಡಿದ ಮಾತನ್ನು ಹಾಗೇ ಬರೆದುಕೊಂಡೆವು. 'ಅಡಿಕೆಗೆ ಬೋರ್ಡೋ ಯಾವಾಗ ಹೊಡಿಬೇಕು', 'ನೂರು ಲೀಟರಿಗೆ ಸುಣ್ಣ ಎಷ್ಟು', 'ಮೈಲುತುತ್ತು ಜಾಸ್ತಿ ಆದ್ರೆ ಹೇಗೆ ಗೊತ್ತಾಗುತ್ತೆ'. 'ಸಿಂಪಡಣೆ', 'ತಾಮ್ರದ ಸಲ್ಫೇಟ್', 'ಶಿಲೀಂಧ್ರನಾಶಕ' ಎಂಬ ಪದಗಳು ಯಾರ ಬಾಯಲ್ಲೂ ಬರಲಿಲ್ಲ. ಕರಾವಳಿಯವರು 'ಮದ್ದು ಬಿಡುವುದು' ಎಂದರು, ಮಲೆನಾಡಿನವರು 'ಔಷಧಿ ಹೊಡೆಯುವುದು' ಎಂದರು. ಆಡುಮಾತಿನ ರೂಪವನ್ನು ತಲೆಬರಹದಲ್ಲಿ ಹಾಗೆಯೇ ಇಡಬೇಕೇ ಎಂಬ ಚರ್ಚೆ ನಡೆಯಿತು. ನಾವು ತೆಗೆದುಕೊಂಡ ನಿರ್ಧಾರವೆಂದರೆ ಪದ ಜನರದ್ದು, ಕಾಗುಣಿತ ಬರಹದ್ದು. 'ಹೊಡಿಬೇಕು' ಎಂಬುದು 'ಹೊಡೆಯಬೇಕು' ಆಯಿತು, ಆದರೆ 'ಸಿಂಪಡಿಸಬೇಕು' ಆಗಲಿಲ್ಲ. 'ಮೈಲುತುತ್ತು' ಹಾಗೇ ಉಳಿಯಿತು, ಮತ್ತು ತಾಮ್ರದ ಸಲ್ಫೇಟ್ ಎಂಬ ಹೆಸರು ವಿವರಣೆಯಲ್ಲಿ ಒಮ್ಮೆ ಬಂತು.

ಪೆಟ್ಟಿಗೆಯ ಪ್ರಶ್ನೆಗಳನ್ನೂ ನೋಡಿದೆವು. ಅದರಲ್ಲಿ ಒಂದು ಪ್ರಶ್ನೆಯನ್ನು ತೆರೆದರೆ ಕೆಳಗೆ ಅದಕ್ಕೆ ಹತ್ತಿರದ ಇನ್ನಷ್ಟು ಪ್ರಶ್ನೆಗಳು ಹುಟ್ಟುತ್ತವೆ. ಯಾವುದನ್ನು ತೆರೆದರೆ ಯಾವುದು ಬರುತ್ತದೆ ಎಂದು ಗಮನಿಸಿದರೆ ಒಂದು ಸಂದೇಹದ ಹಿಂದೆ ಯಾವ ಸಂದೇಹ ಬರುತ್ತದೆಂಬುದು ತಿಳಿಯುತ್ತದೆ. ಕನ್ನಡದಲ್ಲಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಪೆಟ್ಟಿಗೆ ಬರುವುದಿಲ್ಲ, ಆದ್ದರಿಂದ ಇದನ್ನೊಂದೇ ನೆಚ್ಚಿಕೊಂಡು ಕನ್ನಡ ಪುಟ ಬರೆಯಲಾಗದು. ನನ್ನ ಅನುಭವದಲ್ಲಿ ಹತ್ತು ಬೆಳೆಗಾರರ ಮಾತು ಆ ಪೆಟ್ಟಿಗೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉತ್ತರ ಪುಟದಿಂದ ಕಳಚಿಕೊಂಡು ಹೋಗುತ್ತದೆ

ಇಡೀ ಕೆಲಸದಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ತಲೆಬರಹದ ಕೆಳಗಿನ ಮೊದಲ ಪ್ಯಾರಾದ ಮೇಲೆ. ಪೆಟ್ಟಿಗೆಯಲ್ಲಿ ಕಾಣುವುದೂ, ಫೋನು ಓದಿ ಹೇಳುವುದೂ ಪುಟದಿಂದ ಕತ್ತರಿಸಿ ತೆಗೆದ ಒಂದೆರಡು ವಾಕ್ಯ. ಅದರ ಹಿಂದೆ ಏನಿತ್ತು, ಮುಂದೆ ಏನಿದೆ ಎಂಬುದು ಕೇಳುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಆ ವಾಕ್ಯ ಒಂಟಿಯಾಗಿ ನಿಂತಾಗಲೂ ಅರ್ಥ ಕೊಡಬೇಕು, ಅದಕ್ಕಿಂತ ಮುಖ್ಯವಾಗಿ ತಪ್ಪು ಅರ್ಥ ಕೊಡಬಾರದು.

ಹಳೆಯ ಪುಟದ ಕರಪತ್ರದಲ್ಲಿ ಪ್ರಮಾಣವನ್ನು ಹೀಗೆ ಬರೆಯಲಾಗಿತ್ತು: '1 ಕೆ.ಜಿ. ಮೈಲುತುತ್ತನ್ನು 50 ಲೀ. ನೀರಿನಲ್ಲಿ ಕರಗಿಸಿ, ಇನ್ನೊಂದು ಪಾತ್ರೆಯಲ್ಲಿ 1 ಕೆ.ಜಿ. ಸುಣ್ಣವನ್ನು 50 ಲೀ. ನೀರಿನಲ್ಲಿ ಕರಗಿಸಿ, ನಂತರ ಇವೆರಡನ್ನೂ ಸೇರಿಸಿದರೆ ಶೇ. 1ರ ದ್ರಾವಣ ಸಿದ್ಧವಾಗುತ್ತದೆ.' ಪೂರ್ತಿ ಓದುವವರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು ಒಂದು ಕಿಲೋ ಮೈಲುತುತ್ತಿಗೆ ಐವತ್ತು ಲೀಟರ್ ನೀರು ಎಂಬ ಮಾತು, ಅಂದರೆ ಎರಡು ಪಟ್ಟು ಗಟ್ಟಿ. ಒಟ್ಟು ಎಷ್ಟು ಎಂಬುದು ವಾಕ್ಯದಲ್ಲಿ ಎಲ್ಲಿಯೂ ಇಲ್ಲ, ಓದುಗನೇ ಕೂಡಿಸಿಕೊಳ್ಳಬೇಕು. ಬದಲಿಸಿದ ರೂಪ ಇದು:

```html
<h2>100 ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ ಎಷ್ಟು ಬೇಕು?</h2>
<p>100 ಲೀಟರ್ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು ಮತ್ತು
1 ಕಿಲೋ ಒಳ್ಳೆಯ ಸುಣ್ಣ ಬೇಕು. ಎರಡನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ
ಕರಗಿಸಿ ಆಮೇಲೆ ಸೇರಿಸಬೇಕು.</p>
```

ಮೊದಲ ವಾಕ್ಯದಲ್ಲೇ ಒಟ್ಟು ಪ್ರಮಾಣವಿದೆ, ಎರಡು ವಸ್ತುಗಳಿವೆ. ಅಲ್ಲಿಗೆ ಕತ್ತರಿಸಿದರೂ ಹಾನಿಯಿಲ್ಲ. ಐವತ್ತೈವತ್ತು ಲೀಟರಿನ ಲೆಕ್ಕ, ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬ ಕ್ರಮ, ಸುಣ್ಣದ ಗುಣ ಕಡಿಮೆಯಿದ್ದರೆ ಏನು ಮಾಡಬೇಕೆಂಬುದು ಇದರ ಕೆಳಗಿನ ಪ್ಯಾರಾಗಳಲ್ಲಿ ವಿಸ್ತಾರವಾಗಿ ಬಂದವು. 'ಇವೆರಡು', 'ಮೇಲೆ ಹೇಳಿದಂತೆ', 'ಈ ದ್ರಾವಣ' ಎಂಬ ಮಾತುಗಳನ್ನು ಮೊದಲ ವಾಕ್ಯದಿಂದ ತೆಗೆದು, ವಸ್ತುವಿನ ಹೆಸರನ್ನೇ ಹೇಳಿದೆವು. ತಲೆಬರಹದಲ್ಲಿದ್ದ 'ಬೋರ್ಡೋ ದ್ರಾವಣ' ಉತ್ತರದಲ್ಲಿ ಮತ್ತೆ ಬರುವುದು ಕಣ್ಣಿಗೆ ಪುನರುಕ್ತಿ ಎನಿಸಬಹುದು, ಆದರೆ ತಲೆಬರಹವಿಲ್ಲದೆ ಕೇಳುವ ಕಿವಿಗೆ ಅದು ಬೇಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಅಪಾಯವನ್ನು ಗಮನಿಸಲೇಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಅದರ ಜೊತೆಗೇ ಬರುತ್ತದೆ. ಹಳೆಯ ಪುಟದ ಒಂದು ವಾಕ್ಯ ಹೀಗಿತ್ತು: 'ತಾಮ್ರದ ಅಂಶವು ಲೋಹದೊಂದಿಗೆ ವರ್ತಿಸುವುದರಿಂದ ಕಬ್ಬಿಣದ ಡ್ರಮ್ಮು, ಬಕೆಟ್ಟುಗಳನ್ನು ದ್ರಾವಣ ತಯಾರಿಸಲು, ತುಂಬಿಡಲು ಅಥವಾ ತೋಟಕ್ಕೆ ಸಾಗಿಸಲು ಯಾವ ಕಾರಣಕ್ಕೂ ಬಳಸಬಾರದು.' ಹುಡುಕಾಟದ ಫಲಿತಾಂಶದಲ್ಲಿ ಪಠ್ಯ ಉದ್ದವಾದರೆ ಕೊನೆಯಲ್ಲಿ ಮೂರು ಚುಕ್ಕಿ ಬಿದ್ದು ಮೊಟಕಾಗುತ್ತದೆ. ಈ ವಾಕ್ಯ 'ತೋಟಕ್ಕೆ ಸಾಗಿಸಲು' ಎಂಬಲ್ಲಿ ನಿಂತರೆ ಕಬ್ಬಿಣದ ಡ್ರಮ್ಮನ್ನು ಬಳಸಿ ಎಂದೇ ಓದಿಕೊಳ್ಳಬಹುದು. 'ಡು ನಾಟ್' ಎಂದು ಮೊದಲೇ ಹೇಳಿಬಿಡುವ ಇಂಗ್ಲಿಷಿನಲ್ಲಿ ಈ ತೊಂದರೆ ಇಷ್ಟು ತೀವ್ರವಾಗಿಲ್ಲ, ಆದ್ದರಿಂದ ಅಲ್ಲಿನ ಮಾರ್ಗದರ್ಶಿಗಳಲ್ಲಿ ಇದರ ಎಚ್ಚರಿಕೆ ಸಿಗುವುದಿಲ್ಲ. ನಾವು ಅದನ್ನು ಹೌದು-ಅಲ್ಲ ಎಂದು ಕೇಳುವ ಪ್ರಶ್ನೆಯಾಗಿ ಮಾಡಿ, ತೀರ್ಪನ್ನು ಒಂದೇ ಪದದ ವಾಕ್ಯವಾಗಿ ಮುಂದೆ ತಂದೆವು. ತಲೆಬರಹ 'ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಬಳಸಬಹುದೇ?' ಎಂದಾಯಿತು. ಉತ್ತರ: 'ಬೇಡ. ಬೋರ್ಡೋ ದ್ರಾವಣಕ್ಕೆ ಪ್ಲಾಸ್ಟಿಕ್, ಮರ ಅಥವಾ ಮಣ್ಣಿನ ಪಾತ್ರೆ ಬಳಸಿ. ಕಬ್ಬಿಣದ ಮೇಲೆ ತಾಮ್ರ ಕೂಡುವುದರಿಂದ ದ್ರಾವಣ ಕೆಡುತ್ತದೆ.' ಬಳಸಬೇಕಾದ ಪಾತ್ರೆ ಯಾವುದೆಂಬುದು ಕಬ್ಬಿಣದ ಮಾತಿಗಿಂತ ಮೊದಲು ಬಂದಿರುವುದರಿಂದ, ಮೊದಲ ಪದ ಬಿಟ್ಟುಹೋದರೂ ಮಾತು ಸರಿಯಾಗಿಯೇ ಉಳಿಯುತ್ತದೆ.

ಉತ್ತರದ ಉದ್ದ ಎಷ್ಟಿರಬೇಕು ಎಂಬುದಕ್ಕೆ ಸಾಮಾನ್ಯವಾಗಿ 29 ಪದಗಳ ಲೆಕ್ಕವನ್ನು ಹೇಳುತ್ತಾರೆ. ಅದು ಬ್ಯಾಕ್‌ಲಿಂಕೋ ಸಂಸ್ಥೆ 2018ರಲ್ಲಿ ಇಂಗ್ಲಿಷ್ ಧ್ವನಿ ಫಲಿತಾಂಶಗಳನ್ನು ನೋಡಿ ಕೊಟ್ಟ ಸರಾಸರಿ. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಳ್ಳುವ ಕನ್ನಡಕ್ಕೆ ಆ ಎಣಿಕೆ ಹೊಂದುವುದಿಲ್ಲ. 29 ಕನ್ನಡ ಪದಗಳನ್ನು ಗಟ್ಟಿಯಾಗಿ ಓದಿದರೆ ಅದು ಪುಟ್ಟ ಭಾಷಣವೇ ಆಗುತ್ತದೆ. ನಾವು ಪದಗಳನ್ನು ಎಣಿಸುವುದನ್ನು ಬಿಟ್ಟು ಗಟ್ಟಿಯಾಗಿ ಓದಿ ಹತ್ತು-ಹನ್ನೆರಡು ಸೆಕೆಂಡಿನೊಳಗೆ ಮುಗಿಯುತ್ತದೆಯೇ ಎಂದು ನೋಡಿದೆವು. ಹಾಗೆ ಬಂದ ಉತ್ತರಗಳು ಹದಿನೈದರಿಂದ ಇಪ್ಪತ್ತು ಪದಗಳ ಆಸುಪಾಸಿನಲ್ಲಿದ್ದವು. ಸಮಯದ ಪ್ರಶ್ನೆಗೆ ಉಳಿದ ಉತ್ತರ ಇದು: 'ಅಡಿಕೆಗೆ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೇ ಒಮ್ಮೆ, ಅದಾಗಿ 40ರಿಂದ 45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಮಳೆಗಾಲ ಮುಂದುವರಿದರೆ ಮೂರನೆಯ ಸಲವೂ ಬೇಕಾಗುತ್ತದೆ.'

ಗಟ್ಟಿಯಾಗಿ ಓದುವಾಗ ಇನ್ನೊಂದು ತೊಡಕು ಹೊರಬಿತ್ತು. ಫೋನಿನ ಓದುವ ಧ್ವನಿಗೆ ಪುಟವನ್ನು ಕೊಟ್ಟು ಕೇಳಿದಾಗ 'ಕೆ.ಜಿ.', 'ಲೀ.', 'ಶೇ.' ಎಂಬ ಕಡೆಗಳಲ್ಲೆಲ್ಲ ವಾಕ್ಯ ಮುಗಿದಂತೆ ನಿಲುಗಡೆ ಬರುತ್ತಿತ್ತು. ಹ್ರಸ್ವ ರೂಪಗಳನ್ನು ಬಿಡಿಸಿ 'ಕಿಲೋ', 'ಲೀಟರ್', 'ಶೇಕಡಾ' ಎಂದು ಬರೆದೆವು. '1:1:100' ಎಂಬ ರೂಢಿಯ ಬರಹವನ್ನು ಕಿರು ಉತ್ತರದಿಂದ ತೆಗೆದು ವಿವರಣೆಗೆ ಕಳಿಸಿದೆವು.

ಕಿರು ಉತ್ತರ ಒಲ್ಲದ ಪ್ರಶ್ನೆಗಳು

ಪುಟ ಬರೆದ ಹಿರಿಯರು ಈ ಹಂತದಲ್ಲಿ ಒಂದು ಆಕ್ಷೇಪ ಎತ್ತಿದರು. "ನೋಡಿ, ಚಾಕು ಪರೀಕ್ಷೆ ಮಾಡದೆ ಯಾರೂ ಹೊಡೆಯಬಾರದು. ನೀವು ಒಂದು ಕಿಲೋ, ಒಂದು ಕಿಲೋ ಅಂತ ಹೇಳಿ ನಿಲ್ಲಿಸಿದರೆ ಅವರು ಅಷ್ಟನ್ನೇ ಕೇಳಿ ತೋಟಕ್ಕೆ ಹೋಗುತ್ತಾರೆ" ಎಂದರು. ಅವರ ಮಾತು ಸರಿಯಾಗಿತ್ತು. ಅಂಗಡಿಯ ಸುಣ್ಣದ ಗುಣ ಒಂದೇ ಸಮ ಇರುವುದಿಲ್ಲ. ಸುಣ್ಣ ಸಾಲದೆ ತಾಮ್ರ ಹೆಚ್ಚಾಗಿ ಉಳಿದರೆ ದ್ರಾವಣ ಆಮ್ಲೀಯವಾಗಿ ಗಿಡವನ್ನು ಸುಡುತ್ತದೆ. ಅದಕ್ಕೇ ಮಸೆದು ಹೊಳಪಾದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು-ಕಂದು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು, ಅಲಗು ಹಾಗೇ ಇದ್ದರೆ ದ್ರಾವಣ ಹದವಾಗಿದೆ.

ಹಾಗಾದರೆ ಪ್ರಮಾಣದ ಉತ್ತರದಲ್ಲೇ ಚಾಕುವನ್ನೂ ಸೇರಿಸಬೇಕೇ? ಸೇರಿಸಿ ಓದಿದರೆ ಉತ್ತರ ಇಪ್ಪತ್ತು ಸೆಕೆಂಡು ಮೀರುತ್ತಿತ್ತು. ಕೊನೆಗೆ ಆ ಉತ್ತರದ ಎರಡನೆಯ ವಾಕ್ಯವನ್ನೇ ಬದಲಿಸಿದೆವು. ಬೇರೆ ಬೇರೆಯಾಗಿ ಕರಗಿಸುವ ಮಾತನ್ನು ಕೆಳಗಿನ ವಿವರಣೆಗೆ ಸರಿಸಿ, ಅದರ ಜಾಗದಲ್ಲಿ 'ಹೊಡೆಯುವ ಮೊದಲು ಹೊಳಪಾದ ಚಾಕು ಅದ್ದಿ ನೋಡಿ. ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು' ಎಂದು ಬರೆದೆವು. ಬಿಟ್ಟರೆ ಬೆಳೆ ಹಾಳಾಗುವಂಥ ಷರತ್ತು ಕಿರು ಉತ್ತರದೊಳಗೇ ಇರಬೇಕು, ಉಳಿದದ್ದು ಕೆಳಗೆ ಹೋಗಬಹುದು ಎಂಬುದನ್ನು ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಗೂ ಅನ್ವಯಿಸಿದೆವು. 'ಬೋರ್ಡೋ ದ್ರಾವಣವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು?' ಎಂಬುದಕ್ಕೆ ಇಂಥ ತೊಡಕಿಲ್ಲ; ಮಾಡಿದ ದಿನವೇ ಬಳಸಿ ಮುಗಿಸಬೇಕು ಎಂದರೆ ಸಾಕು.

'ಕೊಳೆರೋಗಕ್ಕೆ ಯಾವ ಔಷಧಿ?' ಎಂಬ ಪ್ರಶ್ನೆಯನ್ನು ಮಾತ್ರ ತಲೆಬರಹವಾಗಿ ಇಡಲಿಲ್ಲ. ಜನ ಅದನ್ನೇ ಹೆಚ್ಚು ಕೇಳುತ್ತಾರೆ ನಿಜ. ಆದರೆ ಬೋರ್ಡೋ ದ್ರಾವಣ ರೋಗ ಬರದಂತೆ ತಡೆಯುವ ಲೇಪನವೇ ಹೊರತು ಕೊಳೆತ ಕಾಯಿಯನ್ನು ಸರಿಪಡಿಸುವ ಔಷಧಿಯಲ್ಲ. ಆಷಾಢದ ಮಳೆಯಲ್ಲಿ ಕಾಯಿ ಉದುರಲು ಶುರುವಾದ ಮೇಲೆ ಕೇಳುವವನಿಗೂ, ಮೇ ತಿಂಗಳಲ್ಲಿ ಕೇಳುವವನಿಗೂ ಒಂದೇ ವಾಕ್ಯದ ಉತ್ತರ ಕೊಟ್ಟರೆ ಅವರಲ್ಲಿ ಒಬ್ಬನನ್ನು ದಾರಿ ತಪ್ಪಿಸಿದಂತೆ. ಅದನ್ನು ಎರಡಾಗಿ ಒಡೆದೆವು: 'ಕೊಳೆರೋಗ ಬಾರದಂತೆ ಏನು ಮಾಡಬೇಕು?' ಮತ್ತು 'ಕೊಳೆರೋಗ ಬಂದು ಕಾಯಿ ಉದುರುತ್ತಿದ್ದರೆ ಏನು ಮಾಡಬೇಕು?'. ಎರಡನೆಯದರ ಉತ್ತರ, ಉದುರಿದ ಮತ್ತು ಕೊಳೆತ ಕಾಯಿಗಳನ್ನು ಆರಿಸಿ ನಾಶಮಾಡುವುದರಿಂದ ಶುರುವಾಗುತ್ತದೆ. ಬೇರೆ ಶಿಲೀಂಧ್ರನಾಶಕಗಳ ಬಗ್ಗೆ ತಜ್ಞರ ಸಲಹೆಯಿಲ್ಲದೆ ಕತ್ತರಿಸಿ ತೋರಿಸಬಾರದ ಒಂದು ಭಾಗವಿತ್ತು. ಅದು ಪುಟದಲ್ಲಿ ಇರಲಿ, ಹುಡುಕಾಟದ ತುಣುಕಾಗಿ ಹೊರಗೆ ಬರದಿರಲಿ ಎಂದು ಅದನ್ನು ಗೂಗಲ್ ಮನ್ನಿಸುವ ಈ ಗುರುತಿನೊಳಗೆ ಇಟ್ಟೆವು:

```html
<div data-nosnippet> ... </div>
```

ಇತಿಹಾಸದ ಭಾಗವನ್ನು ಅಳಿಸಲಿಲ್ಲ. ಅದು ಪುಟದ ಕೊನೆಗೆ ಹೋಯಿತು, 'ಬೋರ್ಡೋ ದ್ರಾವಣ ಮಲೆನಾಡಿಗೆ ಬಂದ ಬಗೆ' ಎಂಬ ಸಾದಾ ತಲೆಬರಹದ ಕೆಳಗೆ. ಯಾರೂ ಕೇಳದ ಪ್ರಶ್ನೆಯನ್ನು ಕೇಳಿದಂತೆ ಬರೆಯುವುದು ಅಲ್ಲಿ ಅಗತ್ಯವಿರಲಿಲ್ಲ. ಪ್ರತಿ ಪ್ರಶ್ನೆಗೂ ಒಂದೊಂದು ಪುಟ ಮಾಡೋಣ ಎಂಬ ಸಲಹೆಯೂ ಬಂದಿತ್ತು. ನಾಲ್ಕು ಸಾಲಿನ ಹನ್ನೆರಡು ಬಡಕಲು ಪುಟಗಳಿಗಿಂತ, ಉತ್ತರದ ಕೆಳಗೆ ಅದರ ವಿವರಣೆಯೂ ಇರುವ ಒಂದೇ ಪುಟ ಬೆಳೆಗಾರನಿಗೆ ಉಪಯುಕ್ತ ಎಂದು ಅದನ್ನು ಕೈಬಿಟ್ಟೆವು.

ಫಲ ಕಂಡದ್ದು ಹೇಗೆ

ಇಲ್ಲಿ ಅಳತೆಯ ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕು. ಸರ್ಚ್ ಕನ್ಸೋಲ್ ಧ್ವನಿಯಿಂದ ಬಂದ ಹುಡುಕಾಟವನ್ನು ಟೈಪ್ ಮಾಡಿದ್ದರಿಂದ ಬೇರೆಯಾಗಿ ತೋರಿಸುವುದಿಲ್ಲ, ಪೆಟ್ಟಿಗೆಯ ಮೂಲಕ ಬಂದವರನ್ನೂ ಪ್ರತ್ಯೇಕವಾಗಿ ಎಣಿಸುವುದಿಲ್ಲ. ವಿರಳವಾಗಿ ಕೇಳಿದ ಪ್ರಶ್ನೆಗಳನ್ನು ಗೋಪ್ಯತೆಯ ಕಾರಣಕ್ಕೆ ಪಟ್ಟಿಯಿಂದಲೇ ಬಿಟ್ಟುಬಿಡುತ್ತದೆ. ಹೀಗಿರುವಾಗ 'ಧ್ವನಿ ಹುಡುಕಾಟದಿಂದ ಇಷ್ಟು ಪಾಲು ಹೆಚ್ಚಾಯಿತು' ಎಂದು ಯಾರಾದರೂ ಅಂಕಿ ಕೊಟ್ಟರೆ ಅದನ್ನು ನಂಬಲು ಆಧಾರವಿಲ್ಲ. ಪುಟವನ್ನು ಪೆಟ್ಟಿಗೆಗೆ ಸೇರಿಸಿ ಎಂದು ಕೇಳಿಕೊಳ್ಳುವ ಕೋಡ್ ಕೂಡ ಇಲ್ಲ. ಎಫ್‌ಎಕ್ಯೂ ಸ್ಕೀಮಾ, ಅಂದರೆ ಪುಟದ ಪ್ರಶ್ನೋತ್ತರಗಳನ್ನು ಗೂಗಲ್ ಗುರುತಿಸುವಂತೆ ಬರೆಯುವ ಕೋಡ್, ಹಾಕಿದರೆ ಆಯಿತು ಎಂಬ ಸಲಹೆ ಇನ್ನೂ ಓಡಾಡುತ್ತಿದೆ. 2023ರ ಆಗಸ್ಟ್‌ನಲ್ಲಿಯೇ ಗೂಗಲ್ ಆ ಕೋಡಿನಿಂದ ಫಲಿತಾಂಶದಲ್ಲಿ ಪ್ರಶ್ನೋತ್ತರ ತೋರಿಸುವುದನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು. ನಾವು ಅದಕ್ಕೆ ಶ್ರಮ ಹಾಕಲಿಲ್ಲ.

ನಾವು ನೋಡಿದ್ದು ಎರಡು ಸಂಗತಿ. ಮೊದಲಿನ ರೆಜೆಕ್ಸ್ ಸೋಸುವಿಕೆಯನ್ನು ಮುಂದಿನ ಮಳೆಗಾಲದಲ್ಲೂ ಹಾಕಿ, ಪ್ರಶ್ನೆಯ ರೂಪದ ಹುಡುಕಾಟಗಳಲ್ಲಿ ಪುಟ ಕಾಣಿಸಿಕೊಳ್ಳುವುದು ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿದರೆ ಹೇಗಿದೆ ಎಂದು ಗಮನಿಸಿದೆವು. ಮೇ ತಿಂಗಳನ್ನು ಜನವರಿಗೆ ಹೋಲಿಸಿದರೆ ಏರಿಕೆಯೆಲ್ಲ ಮಳೆಗಾಲದ್ದೇ ಆಗಿರುತ್ತದೆ. ಪ್ರಮಾಣ ಮತ್ತು ಸಮಯದ ಪ್ರಶ್ನೆಗಳಲ್ಲಿ ಪುಟ ಕಾಣತೊಡಗಿತ್ತು. ಪಾತ್ರೆಯ ಪ್ರಶ್ನೆ ಎಲ್ಲಿಯೂ ಕಾಣಲಿಲ್ಲ, ಬಹುಶಃ ಅದನ್ನು ಕೇಳುವವರೇ ಕಡಿಮೆ. ಎರಡನೆಯದಾಗಿ, ಫಲಿತಾಂಶದ ತುಣುಕನ್ನು ಕ್ರೋಮ್‌ನಲ್ಲಿ ಒತ್ತಿ ಪುಟ ತೆರೆದಾಗ ವಿಳಾಸದ ಕೊನೆಯಲ್ಲಿ `#:~:text=` ಎಂದು ಬಂದು, ಗೂಗಲ್ ಎತ್ತಿಕೊಂಡ ವಾಕ್ಯ ಬಣ್ಣದಲ್ಲಿ ಎದ್ದು ಕಾಣುತ್ತದೆ. ಸಮಯದ ಪ್ರಶ್ನೆಯಲ್ಲಿ ಅದು ನಾವು ಬರೆದ ಕಿರು ಉತ್ತರವನ್ನೇ ಎತ್ತಿಕೊಂಡಿತ್ತು. ಪ್ರಮಾಣದ ಪ್ರಶ್ನೆಯಲ್ಲಿ ಮಾತ್ರ ಕೆಳಗಿನ ವಿವರಣೆಯ ಒಂದು ವಾಕ್ಯವನ್ನು ಎತ್ತಿಕೊಂಡಿತ್ತು, ಮತ್ತು ಅದು ಐವತ್ತು ಲೀಟರಿನ ಲೆಕ್ಕವಿದ್ದ ವಾಕ್ಯವೇ ಆಗಿತ್ತು. ಕಿರು ಉತ್ತರವನ್ನು ಎಷ್ಟೇ ಜೋಪಾನವಾಗಿ ಬರೆದರೂ ಯಾವ ವಾಕ್ಯವನ್ನು ಆರಿಸಬೇಕೆಂಬುದು ಬರೆಯುವವರ ಕೈಯಲ್ಲಿಲ್ಲ. ಆ ವಿವರಣೆಯನ್ನು 'ಒಟ್ಟು 100 ಲೀಟರಿನಲ್ಲಿ ಅರ್ಧ ನೀರು ಮೈಲುತುತ್ತಿಗೆ, ಅರ್ಧ ನೀರು ಸುಣ್ಣಕ್ಕೆ' ಎಂದು ತಿದ್ದಿದ ಮೇಲೆ, ಪುಟದಲ್ಲಿ ಪ್ರಮಾಣ ಹೇಳುವ ಇತರ ವಾಕ್ಯಗಳನ್ನೂ ಒಂದೊಂದಾಗಿ ತೆಗೆದು, ಒಂಟಿಯಾಗಿ ಓದಿ, ತಪ್ಪು ಅರ್ಥಕ್ಕೆ ಎಡೆಯಿದ್ದವನ್ನು ಅದೇ ರೀತಿ ತಿದ್ದಿದೆವು.